ನೋಟಿಸ್ ಕೊಟ್ಟ ದಿನವೂ ಲೆಕ್ಕಕ್ಕೆ ಬರುತ್ತಾ?

ಕೆಲಸ ಬಿಡುವುದಾಗಿ ಮಾರ್ಚ್ 10ಕ್ಕೆ 30 ದಿನದ ನೋಟಿಸ್ ಕೊಟ್ಟಿದ್ದೀರಿ ಅಂದುಕೊಳ್ಳಿ. ಕೊಟ್ಟ ದಿನವನ್ನೇ ಒಂದು ಅಂತ ಎಣಿಸಿದರೆ ಕೊನೆಯ ದಿನ ಏಪ್ರಿಲ್ 8. ಮರುದಿನದಿಂದ ಎಣಿಸಿದರೆ ಏಪ್ರಿಲ್ 9. ಒಂದೇ ದಿನದ ವ್ಯತ್ಯಾಸ ಅಲ್ವಾ ಅನ್ನಬೇಡಿ, ಒಂದು ದಿನ ಮೊದಲೇ ಬಿಟ್ಟರೆ ಆ ದಿನದ ಸಂಬಳ ಹಿಡಿಯಬಹುದು.

ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ನೋಟಿಸ್ ಕೊಟ್ಟ ದಿನವನ್ನು ಸಾಮಾನ್ಯವಾಗಿ ಬಿಟ್ಟೇ ಎಣಿಸುತ್ತಾರೆ. ನೋಟಿಸ್ ತಲುಪಿದ ದಿನದಿಂದ ಅಂತ ಬರೆದಿದ್ದರೆ, ಕಳಿಸಿದ ತಾರೀಖು ಲೆಕ್ಕಕ್ಕಿಲ್ಲ. ಶೀಟಿನ A1ರಲ್ಲಿ ನೋಟಿಸ್ ಕೊಟ್ಟ ತಾರೀಖು ಇದ್ದು, `=A1+30` ಹಾಕಿದರೆ ಬರುವುದು ಏಪ್ರಿಲ್ 9. ಮೊದಲ ದಿನವೂ ಸೇರಬೇಕಾದರೆ `=A1+29` ಹಾಕಿ.

ಬಾಡಿಗೆಯ ಲಾಕ್-ಇನ್, ಅಂದರೆ ಮನೆ ಬಿಡುವಂತಿಲ್ಲದ ಅವಧಿಯ ಲೆಕ್ಕ ಬೇರೆ. ಜೂನ್ 1ರಿಂದ ಮನೆ ನಿಮ್ಮ ಕೈಯಲ್ಲಿದೆ, ಆ ದಿನದ ಬಾಡಿಗೆಯನ್ನೂ ಕೊಡುತ್ತೀರಿ. ಹಾಗಾಗಿ ಮೊದಲ ದಿನವೂ ಸೇರುತ್ತದೆ. 6 ತಿಂಗಳ ಲಾಕ್-ಇನ್ ಮುಗಿಯುವುದು ನವೆಂಬರ್ 30ಕ್ಕೆ, ಡಿಸೆಂಬರ್ 1ಕ್ಕೆ ಅಲ್ಲ. ಇದನ್ನು 180 ದಿನ ಅಂತ ಮಾತ್ರ ಮಾಡಿಕೊಳ್ಳಬೇಡಿ. ಜೂನ್‌ನಿಂದ ನವೆಂಬರ್‌ವರೆಗೆ 183 ದಿನ ಇವೆ, ಮೂರು ದಿನ ಮೊದಲೇ ಹೊರಟಂತಾಗುತ್ತದೆ.

ನೋಟಿಸ್ ಬರೆಯುವಾಗ “30 ದಿನ” ಅಂತಷ್ಟೇ ಬರೆದು ಸುಮ್ನೆ ಬಿಡಬೇಡಿ. “ನನ್ನ ಕೊನೆಯ ದಿನ ಏಪ್ರಿಲ್ 9” ಅಂತ ತಾರೀಖನ್ನೇ ಹಾಕಿ, ಅದಕ್ಕೆ ಬರಹದಲ್ಲೇ ಒಪ್ಪಿಗೆ ಪಡೆಯಿರಿ.