ಭಾವಗೀತೆಯ ಮೌನವನ್ನು ಅಳೆಯುವುದು ಹೇಗೆ?

ಉತ್ತರ ಪತ್ರಿಕೆ ತಿದ್ದಲು ಕೂತಾಗಲೆಲ್ಲ ಒಂದು ವಾಕ್ಯ ಎದುರಾಗುತ್ತದೆ: ‘ಇಲ್ಲಿನ ಮೌನ ಸಾವಿರ ಮಾತು ಹೇಳುತ್ತದೆ.’ ಯಾವ ಮಾತು, ಎಷ್ಟನೇ ಸಾಲಿನಲ್ಲಿ ಅಂತ ಕೇಳಿದರೆ ಬರೆದವರೂ ಮೌನ. ಅದಕ್ಕೇ ಈ ಲೇಖನ. ಅಭ್ಯಾಸಕ್ಕೆಂದು ನಾನೇ ಹೊಸೆದ ಐದು ಸಾಲು ಇಲ್ಲಿವೆ:

ಬಾಗಿಲಲಿ ನಿನ್ನ ಕೊಡೆ
ಒದ್ದೆಯಿದೆ ಹಾಗೆಯೇ
ಲೋಟ ಎರಡಿಟ್ಟೆ
ಒಂದಕ್ಕೆ
ಮಳೆ ನಿಂತರೂ

ಮೊದಲು ಪಾಠ ಸರಿಯಿದೆಯೇ ನೋಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕವಿತೆಯ ಸಾಲುಗಳು ಎಲ್ಲೆಲ್ಲೋ ಮುರಿದಿರುತ್ತವೆ. ಹಾಡಿನ ಧ್ವನಿಮುದ್ರಿಕೆಯನ್ನಂತೂ ನಂಬಲೇಬೇಡಿ. ಕವಿ ಖಾಲಿ ಬಿಟ್ಟ ಜಾಗಕ್ಕೆ ಅಲ್ಲಿ ಪಿಟೀಲು ಬಂದು ಕೂತಿರುತ್ತದೆ. ಅಚ್ಚಾದ ಸಂಕಲನವೇ ಬೇಕು.

ಎರಡನೆಯದು, ಮಾತ್ರೆ ಎಣಿಸುವುದು. ಲಘುವಿಗೆ 1, ಗುರುವಿಗೆ 2. ಮೊದಲ ಎರಡು ಸಾಲಿನಲ್ಲಿ ಐದು ಮಾತ್ರೆಯ ಗಣ ಎರಡೆರಡು ಬಂದಿವೆ: ‘ಬಾಗಿಲಲಿ | ನಿನ್ನ ಕೊಡೆ’. ಅಂದರೆ ಕಿವಿ ಈಗ ಹತ್ತಕ್ಕೆ ಒಗ್ಗಿಕೊಂಡಿದೆ. ಮೂರನೇ ಸಾಲಿನಲ್ಲಿ ಎಂಟೇ ಮಾತ್ರೆ. ಆದರೆ ಕೊನೆಯ ‘ಟ್ಟೆ’ಯನ್ನು ಸ್ವಲ್ಪ ಎಳೆದರೆ ಆ ಕೊರತೆ ತುಂಬಿಹೋಗುತ್ತದೆ. ಅದು ಬರೀ ಉಸಿರು ತೆಗೆದುಕೊಳ್ಳುವ ಜಾಗ, ಮೌನ ಅನ್ನಬೇಡಿ. ‘ಮಳೆ ನಿಂತ | ರೂ’ ಎಂಬಲ್ಲಿ ಏಳು. ಭಾಮಿನಿ ಷಟ್ಪದಿಯ 3 ಮತ್ತು 6ನೇ ಸಾಲಿನ ಕೊನೆಗೂ ಹೀಗೇ ಒಂದು ಗುರು ಒಂಟಿಯಾಗಿ ನಿಲ್ಲುತ್ತದಲ್ವಾ? ಆ ಬಗೆಯ ನಿಲುಗಡೆ ನಮ್ಮ ಕಿವಿಗೆ ಹಳೇ ರೂಢಿ. ‘ಒಂದಕ್ಕೆ’ಯ ಕಥೆ ಬೇರೆ. ಅಲ್ಲಿ ಐದು ಮಾತ್ರೆ ಮುಗಿದ ಮೇಲೆ ಇಡೀ ಒಂದು ಗಣವೇ ಇಲ್ಲ. ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಓದಿ ನೋಡಿ. ಬೆರಳು ಬೀಳುತ್ತದೆ, ಪದ ಬರುವುದಿಲ್ಲ. ಗುರುತು ಹಾಕಬೇಕಾದ್ದು ಅಲ್ಲಿ.

ಮುಕ್ತಛಂದದ ಕವಿತೆಯಾದರೆ ಈ ಲೆಕ್ಕ ನಡೆಯುವುದಿಲ್ಲ. ಸೀದಾ ಮುಂದಿನ ಹಂತಕ್ಕೆ ಹೋಗಿ.

ಈಗ ಎಲ್ಲರೂ ಎಡವುವ ಜಾಗ: ಅರ್ಧಕ್ಕೆ ನಿಂತ ವಾಕ್ಯ. ಕರ್ತೃಪದ ಕಾಣದ ಕೂಡಲೇ ‘ಮೌನ’ ಅಂತ ಬರೆಯುವವರಿದ್ದಾರೆ. ‘ಎರಡಿಟ್ಟೆ’ಯಲ್ಲಿ ‘ನಾನು’ ಇಲ್ಲ, ನಿಜ. ಕನ್ನಡದಲ್ಲಿ ದಿನಾ ಹಾಗೇ ಮಾತಾಡುತ್ತೇವೆ, ಅದರಲ್ಲೇನೂ ಅಡಗಿಲ್ಲ. ಕನ್ನಡ ವಾಕ್ಯದ ಗುಟ್ಟೆಲ್ಲ ಇರುವುದು ಕೊನೆಯ ಕ್ರಿಯಾಪದದಲ್ಲಿ. ಯಾರು, ಯಾವಾಗ, ಆಯಿತೋ ಇಲ್ಲವೋ ಎಂಬುದೆಲ್ಲ ಅಲ್ಲೇ ತಿಳಿಯಬೇಕು. ಅದನ್ನು ಕತ್ತರಿಸಿದರೆ ಹೌದು-ಇಲ್ಲವೇ ಗೊತ್ತಾಗುವುದಿಲ್ಲ.

ಪೆನ್ಸಿಲ್ ತೆಗೆದುಕೊಂಡು ‘ಒಂದಕ್ಕೆ’ಯನ್ನು ಮೂರು ಥರ ಮುಗಿಸಿ. ಒಂದಕ್ಕೆ ಚಹಾ ಸುರಿದೆ. ಒಂದಕ್ಕೆ ಸುರಿಯಲಿಲ್ಲ. ಒಂದಕ್ಕೆ ಮುಚ್ಚಳ ಹಾಕಿದೆ. ಮೂರೂ ಸಲ್ಲುತ್ತವೆ. ‘ಗೆ’, ‘ಕ್ಕೆ’ ಪ್ರತ್ಯಯದ ಮೇಲೆ ನಿಂತ ಮೌನ ಅಷ್ಟು ಅಗಲ. ‘ನಿಂತರೂ’ ಹಾಗಲ್ಲ. ‘ರೂ’ ಬಂತೆಂದರೆ ಮುಂದೆ ಬರುವುದು ನಾವು ಕಾಯುತ್ತಿದ್ದುದಕ್ಕೆ ಉಲ್ಟಾ ಇರಲೇಬೇಕು. ಮಳೆ ನಿಂತರೂ ‘ನೀನು ಬರಲಿಲ್ಲ’ ಅನ್ನಬಹುದು, ‘ಹೋಗಲಿಲ್ಲ’ ಅನ್ನಬಹುದು. ‘ಬಿಸಿಲು ಬಂತು’ ಅನ್ನಲಾಗದು. ಅರ್ಧ ಬಾಯಿಬಿಟ್ಟ ಮೌನ ಇದು. ಇವೆರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿ ಹಾಕುವುದೇ ದೊಡ್ಡ ತಪ್ಪು.

ತುಂಬಿದ್ದನ್ನು ಕವಿತೆಯ ಪದಗಳ ಎದುರಿಟ್ಟು ನೋಡುವುದನ್ನು ಮರೆಯಬೇಡಿ. ಇದೇ ಸಾಲುಗಳನ್ನು ತರಗತಿಯಲ್ಲಿ ಕೊಟ್ಟಾಗ ಮುಕ್ಕಾಲು ಜನ ‘ತೀರಿಹೋದ ಗಂಡನ ನೆನಪು’ ಅಂತ ಬರೆದರು. ಲೋಟ ಎರಡಿದ್ದರೆ ಒಬ್ಬರನ್ನು ಸಾಯಿಸಿಬಿಡುವುದು ನಮಗೆ ಚಟ! ಆದರೆ ಕೊಡೆ ಇನ್ನೂ ಒದ್ದೆ. ಒದ್ದೆ ಕೊಡೆಗೆ ಕೆಲವು ಗಂಟೆಗಳ ಆಯಸ್ಸು. ಆ ಮನುಷ್ಯ ಇವತ್ತು ಇಲ್ಲಿಗೆ ಬಂದಿದ್ದಾನೆ, ಅಥವಾ ಬಂದಿದ್ದಾಳೆ. ಈಗ ಒಳಗಿದ್ದಾರೋ, ಕೊಡೆ ಬಿಟ್ಟು ಹೊರಟುಹೋದರೋ, ಅದನ್ನಷ್ಟೇ ಕವಿತೆ ಹೇಳುತ್ತಿಲ್ಲ.

ಮೂರು ಚುಕ್ಕಿಗಳನ್ನು ಕಂಡರೆ ಅನುಮಾನವಿರಲಿ. ಚುಕ್ಕಿ ತೆಗೆದು ಓದಿ. ವಾಕ್ಯ ಪೂರ್ತಿಯಾಗಿ ನಿಂತರೆ ಅದು ಸುಮ್ನೆ ಅಲಂಕಾರ. ಮಾರುಕಟ್ಟೆಯ ಗೈಡುಗಳು ಇಂಥ ಚುಕ್ಕಿಗಳ ಮೇಲೇ ಅರ್ಧ ಪುಟ ಬರೆದಿರುತ್ತವೆ, ಕೊಳ್ಳಬೇಡಿ.

ಬರೆಯುವಾಗ ‘ಮೌನ’ ಎಂಬ ಪದವನ್ನೇ ಬಿಟ್ಟು ನೋಡಿ. ನಾನು ಪೂರ್ತಿ ಅಂಕ ಕೊಟ್ಟ ಉತ್ತರದಲ್ಲಿ ಇದ್ದದ್ದು ಇಷ್ಟೇ: ‘ನಾಲ್ಕನೇ ಸಾಲಿನಲ್ಲಿ ಐದು ಮಾತ್ರೆ ಕಡಿಮೆ, ಕ್ರಿಯಾಪದವೂ ಇಲ್ಲ. ಎರಡನೇ ಲೋಟ ತುಂಬಿತೋ ಇಲ್ಲವೋ ತಿಳಿಯುವುದಿಲ್ಲ. ಕೊಡೆ ಒದ್ದೆಯಿರುವುದರಿಂದ ಹೇಳುವವರಿಗೂ ಅದು ಇನ್ನೂ ತೀರ್ಮಾನವಾಗಿಲ್ಲ.’