ಚಾಟ್ ಸ್ಕ್ರೀನ್‌ಶಾಟ್‌ನಿಂದ ದಿನಾಂಕ ಸಹಿತ ದಾಖಲೆ: ‘ನಿನ್ನೆ’ ಅಂದರೆ ಯಾವ ದಿನ?

ನಮ್ಮ ತಾರಸಿಯ ರಿಪೇರಿ ಮುಗಿದ ಮೇಲೂ ಅದೇ ಜಾಗದಲ್ಲಿ ಮತ್ತೆ ನೀರು ಸೋರತೊಡಗಿತು. ಕೆಲಸದ ಮಾತುಕತೆಯೆಲ್ಲ ವಾಟ್ಸ್ಯಾಪ್ ಗುಂಪಿನಲ್ಲಿ ನಡೆದಿತ್ತು. ಗುಂಪಿನಲ್ಲಿ ಇದ್ದವರು ನಾನು, ನನ್ನ ತಮ್ಮ, ಮೇಸ್ತ್ರಿ, ಮೂರೇ ಜನ. ಅಷ್ಟರಲ್ಲಿ ನನ್ನ ಫೋನ್ ಕೆಟ್ಟಿತ್ತು, ಬ್ಯಾಕಪ್ ಇರಲಿಲ್ಲ. ಜಾಗ ಸಾಲದೆಂದು ತಮ್ಮ ಚಾಟ್ ಅಳಿಸಿಬಿಟ್ಟಿದ್ದ. ಚಾಟ್ ಇದ್ದಿದ್ದರೆ ಅದನ್ನೇ ಎಕ್ಸ್‌ಪೋರ್ಟ್ ಮಾಡಿದರೆ ಸಾಕಿತ್ತು. ದಿನಾಂಕ, ಸಮಯ, ಹೆಸರು ಎಲ್ಲವೂ ಸಾಲಾಗಿ ಸಿಗುತ್ತಿತ್ತು. ನಮ್ಮಿಬ್ಬರ ಬಳಿ ಉಳಿದಿದ್ದು ಎರಡು ಸ್ಕ್ರೀನ್‌ಶಾಟ್ ಮಾತ್ರ. ಮೇಸ್ತ್ರಿಯ ಜೊತೆ ಕೂತು ಮಾತಾಡುವ ಮೊದಲು ಯಾರು, ಯಾವಾಗ, ಏನು ಹೇಳಿದ್ದರು ಎಂದು ಒಂದು ಕೋಷ್ಟಕ ಮಾಡಿಕೊಳ್ಳಬೇಕಿತ್ತು.

ಚಿತ್ರದಿಂದ ಅಕ್ಷರ ಎತ್ತುವುದೇ ಕಷ್ಟದ ಕೆಲಸ ಅಂದುಕೊಂಡಿದ್ದೆ. ಅದು ಅರ್ಧ ಗಂಟೆಯಲ್ಲಿ ಮುಗಿಯಿತು. ನಿಜವಾಗಿ ಕಾಡಿದ್ದು ದಿನಾಂಕ.

ಸ್ಕ್ರೀನ್‌ಶಾಟ್‌ನಲ್ಲಿ ಪ್ರತಿ ಸಂದೇಶದ ಪಕ್ಕ ಗಂಟೆ, ನಿಮಿಷ ಇರುತ್ತದೆ. ದಿನಾಂಕ ಇರುವುದಿಲ್ಲ. ಅದು ನಡುವೆ ಒಂದು ಸಣ್ಣ ಪಟ್ಟಿಯಲ್ಲಿ ಬರುತ್ತದೆ. ಆ ಪಟ್ಟಿಯಲ್ಲೂ ಹೊಸ ಸಂದೇಶಗಳಿಗೆ `Today`, `Yesterday` ಎಂದೋ, ಕಳೆದ ಒಂದು ವಾರದೊಳಗಿನದಾದರೆ ವಾರದ ಹೆಸರೋ ಇರುತ್ತದೆ. ಇನ್ನೂ ಹಳೆಯದಾದರೆ ಮಾತ್ರ ಪೂರ್ತಿ ದಿನಾಂಕ. ಅಂದರೆ, ಚಿತ್ರ ಯಾವ ದಿನ ತೆಗೆದದ್ದು ಎಂದು ಗೊತ್ತಿಲ್ಲದಿದ್ದರೆ `Yesterday` ಎಂಬ ಪದದಿಂದ ಏನೂ ಉಪಯೋಗವಿಲ್ಲ.

ಮೊದಲ ಚಿತ್ರ ನಾನೇ ತೆಗೆದದ್ದು. ಅದರ ಹೆಸರು `Screenshot_20240310-221437.png`. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳು ಹೀಗೆ ಫೈಲ್ ಹೆಸರಿನಲ್ಲೇ ದಿನ ಮತ್ತು ಸಮಯ ಬರೆದಿಡುತ್ತವೆ. ಇದು 2024ರ ಮಾರ್ಚ್ 10, ರಾತ್ರಿ 10 ಗಂಟೆ 14 ನಿಮಿಷ. ಅಂದು ಭಾನುವಾರ. ಚಿತ್ರದಲ್ಲಿ ಮೂರು ಪಟ್ಟಿಗಳಿದ್ದವು: `Friday`, `Yesterday`, `Today`. ಹಾಗಾದರೆ ಮಾರ್ಚ್ 8, 9 ಮತ್ತು 10. ಇದರಲ್ಲಿ ಏನೂ ಗೊಂದಲವಿರಲಿಲ್ಲ.

ಎರಡನೇ ಚಿತ್ರ ತಮ್ಮ ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದು. ಹೆಸರು `IMG-20240315-WA0007.jpg`. ಮೇಲ್ಗಡೆ `Yesterday` ಎಂದಿತ್ತು. ನಾನು ಹಿಂದೆ ಮುಂದೆ ನೋಡದೆ 15ರ ಹಿಂದಿನ ದಿನ ಅಂದರೆ 14 ಎಂದು ಲೆಕ್ಕ ಹಾಕಿ, ಅಷ್ಟೂ ಸಾಲಿಗೆ ಮಾರ್ಚ್ 14 ಎಂದು ತುಂಬಿಬಿಟ್ಟೆ. ಅದು ನಾಲ್ಕು ದಿನದ ತಪ್ಪು.

ಗೊತ್ತಾದದ್ದು ಒಂದು ಸಂದೇಶ ಓದುವಾಗ. ಮೇಸ್ತ್ರಿ ಬರೆದಿದ್ದರು: "ನಾಳೆ ಸೋಮವಾರ ಬೆಳಿಗ್ಗೆ ಬರ್ತೀವಿ ಮೇಡಂ". ನಾಳೆ ಸೋಮವಾರ ಅಂದರೆ ಬರೆದದ್ದು ಭಾನುವಾರ ಅಲ್ವಾ? ಮಾರ್ಚ್ 14 ಗುರುವಾರ. ಎಲ್ಲೋ ತಪ್ಪಿದೆ ಎಂದು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಸಂದೇಶ, ಅದೇ 9:58 PM, ನನ್ನ ಚಿತ್ರದ ಕೊನೆಯಲ್ಲೂ ಇತ್ತು. ನನ್ನದರಲ್ಲಿ ಅದು `Today` ಕೆಳಗೆ, ತಮ್ಮನದರಲ್ಲಿ `Yesterday` ಕೆಳಗೆ. ನನ್ನ `Today` ಮಾರ್ಚ್ 10. ಆದ್ದರಿಂದ ತಮ್ಮ ಚಿತ್ರ ತೆಗೆದದ್ದು ಮಾರ್ಚ್ 11ರಂದೇ.

ಹಾಗಾದರೆ 15 ಎಲ್ಲಿಂದ ಬಂತು? ವಾಟ್ಸ್ಯಾಪ್ ಮೂಲಕ ಚಿತ್ರ ಬಂದಾಗ ಹಳೆಯ ಫೈಲ್ ಹೆಸರು ಹೋಗಿ ಹೊಸ ಹೆಸರು ಬರುತ್ತದೆ. ಅದರಲ್ಲಿರುವುದು ಚಿತ್ರ ಕಳಿಸಿದ ದಿನ, ತೆಗೆದ ದಿನವಲ್ಲ. ತಮ್ಮ 11ರಂದು ತೆಗೆದಿಟ್ಟು 15ರಂದು ಕಳಿಸಿದ್ದ. ಹೆಸರಿನಲ್ಲಿ `WA` ಕಂಡರೆ ಆ ದಿನಾಂಕವನ್ನು ನಂಬಬಾರದು ಎಂದು ನನಗೆ ಆಗ ತಿಳಿಯಿತು. ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸು ಎಂದು ಕೇಳಿದೆ. ಹಾಗೆ ಕಳಿಸಿದರೆ ಹೆಸರು ಬದಲಾಗುವುದಿಲ್ಲ, ಚಿತ್ರದ ಗುಣಮಟ್ಟವೂ ಕಡಿಮೆಯಾಗುವುದಿಲ್ಲ. ಬಂದ ಫೈಲಿನ ಹೆಸರು `Screenshot_20240311-000612.png`. ಮಧ್ಯರಾತ್ರಿ ಕಳೆದು ಆರು ನಿಮಿಷ! ತಮ್ಮನಿಗೆ ಅದು ಇನ್ನೂ ಭಾನುವಾರದ ರಾತ್ರಿಯೇ, ಫೋನಿಗೆ ಮಾತ್ರ ಆಗಲೇ ಸೋಮವಾರ. ಚಿತ್ರದ ಮೇಲಂಚಿನಲ್ಲಿ ಗಡಿಯಾರ 12:06 ತೋರಿಸುತ್ತಲೇ ಇತ್ತು, ನಾನು ನೋಡಿರಲಿಲ್ಲ. ಈಗ ಯಾವ ಸ್ಕ್ರೀನ್‌ಶಾಟ್ ಸಿಕ್ಕರೂ ಮೊದಲು ನೋಡುವುದು ಆ ಗಡಿಯಾರವನ್ನೇ.

ಎರಡೂ ಚಿತ್ರಗಳಲ್ಲಿ ಅದೇ ಸಂದೇಶ ಇದ್ದದ್ದರಿಂದ ಇನ್ನೂ ಎರಡು ಲಾಭವಾಯಿತು. ನಡುವೆ ಯಾವ ಸಂದೇಶವೂ ತಪ್ಪಿಲ್ಲ ಎಂದು ಖಾತ್ರಿಯಾಯಿತು. ಎರಡೂ ಫೋನ್‌ಗಳಲ್ಲಿ 9:58 ಎಂದೇ ಇದ್ದದ್ದರಿಂದ ಎರಡರ ಸಮಯ ವಲಯವೂ ಒಂದೇ ಎಂದು ಗೊತ್ತಾಯಿತು. ಫೋನ್ ತಾನಿರುವ ವಲಯದ ಸಮಯವನ್ನು ತೋರಿಸುತ್ತದೆ. ಒಬ್ಬರು ಬೇರೆ ದೇಶದಲ್ಲಿದ್ದಿದ್ದರೆ ಅದೇ ಸಂದೇಶಕ್ಕೆ ಬೇರೆ ಗಂಟೆ, ಕೆಲವೊಮ್ಮೆ ಬೇರೆ ದಿನಾಂಕವೇ ಇರುತ್ತಿತ್ತು. ಹಾಗಾಗಿ ಈಗ ಸ್ಕ್ರೀನ್‌ಶಾಟ್ ತೆಗೆಯುವಾಗ ಹಿಂದಿನ ಚಿತ್ರದ ಕೊನೆಯ ಎರಡು ಸಂದೇಶ ಮುಂದಿನದರಲ್ಲೂ ಬರುವಂತೆ ನೋಡಿಕೊಳ್ಳುತ್ತೇನೆ. ಪರದೆ ಸರಿಸುವಾಗ ಮೇಲೆ ತೇಲುವ ದಿನಾಂಕದ ಪಟ್ಟಿ ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. ಅದು ಕಾಣುತ್ತಿರುವಾಗಲೇ ಚಿತ್ರ ತೆಗೆಯಬೇಕು.

ಇನ್ನು ಅಕ್ಷರ ಎತ್ತುವ ಕೆಲಸ. ಹತ್ತು ಹನ್ನೆರಡು ಸಂದೇಶಗಳಾದರೆ ಕೈಯಲ್ಲೇ ಟೈಪ್ ಮಾಡಬಹುದು. ನಾನು ಕಂಪ್ಯೂಟರಿನಲ್ಲಿ ಚಿತ್ರದೊಳಗಿನ ಅಕ್ಷರ ಓದುವ ಟೆಸರಾಕ್ಟ್ ಎಂಬ ಪ್ರೋಗ್ರಾಮ್ ಬಳಸಿದೆ. ಅದಕ್ಕೆ ಕನ್ನಡದ ಭಾಷಾ ಫೈಲನ್ನೂ ಹಾಕಿಕೊಳ್ಳಬೇಕು. ತಮ್ಮನ ಫೋನ್ ಡಾರ್ಕ್ ಮೋಡ್‌ನಲ್ಲಿತ್ತು. ಹಾಗಾಗಿ ಮೊದಲು ಚಿತ್ರದ ಪ್ರತಿ ಮಾಡಿ, ಇಮೇಜ್‌ಮ್ಯಾಜಿಕ್ ಎಂಬ ಪ್ರೋಗ್ರಾಮಿನಿಂದ ಬಣ್ಣ ತೆಗೆದು, ಕಪ್ಪು ಬಿಳುಪನ್ನು ತಿರುಗಿಸಿ, ಎರಡರಷ್ಟು ದೊಡ್ಡದು ಮಾಡಿದೆ. ಮೂಲ ಫೈಲನ್ನು ಮುಟ್ಟಲಿಲ್ಲ.

```
magick chat2.png -colorspace Gray -negate -resize 200% chat2_work.png
tesseract chat2_work.png chat2 -l kan+eng --psm 6
```

ಫಲಿತಾಂಶ `chat2.txt` ಫೈಲಿನಲ್ಲಿ ಬರುತ್ತದೆ. ಬಿಳಿ ಹಿನ್ನೆಲೆಯ ಚಿತ್ರಕ್ಕೆ `-negate` ಬೇಡ.

ಪದಗಳು ಹೆಚ್ಚುಕಡಿಮೆ ಸರಿಯಾಗಿ ಬಂದವು. ಕೆಟ್ಟಿದ್ದು ಅಂಕಿಗಳು, ಅದೇ ನಮಗೆ ಮುಖ್ಯ. 9:58 ಇದ್ದದ್ದು 958 ಆಗಿತ್ತು. ಓದಿದ ಗುರುತಿನ ಎರಡು ಟಿಕ್‌ಗಳು `W` ಆಗಿ ಸಮಯಕ್ಕೆ ಅಂಟಿಕೊಂಡಿದ್ದವು. "10 ಗಂಟೆಗೆ" ಎಂಬಲ್ಲಿ ಸೊನ್ನೆ ಕನ್ನಡದ ೦ ಆಗಿತ್ತು. ಇದು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಆಮೇಲೆ 10 ಎಂದು ಹುಡುಕಿದರೆ ಆ ಸಾಲು ಸಿಗುವುದಿಲ್ಲ. ಎಮೋಜಿಗಳು ಪೂರ್ತಿ ಹೋಗಿದ್ದವು. ಅವನ್ನು ಚಿತ್ರ ನೋಡಿ ಕೈಯಿಂದ ಸೇರಿಸಿದೆ. ಒಪ್ಪಿಗೆಯನ್ನು ಬರೀ ಹೆಬ್ಬೆರಳಿನ ಎಮೋಜಿಯಲ್ಲಿ ಹೇಳುವವರೇ ಜಾಸ್ತಿ. ಅದು ಬಿಟ್ಟುಹೋದರೆ ಒಪ್ಪಿಗೆಯೇ ದಾಖಲೆಯಿಂದ ಹೋದಂತೆ. ಆದರೆ ಬರೆದವರ ಕಾಗುಣಿತದ ತಪ್ಪನ್ನು ತಿದ್ದಲಿಲ್ಲ. ಮೇಸ್ತ್ರಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನೂ ಹಾಗೇ ಇಟ್ಟೆ.

ಒಂದು ಸಂದೇಶಕ್ಕೆ ಒಂದು ಸಮಯ. ಇದೇ ನನ್ನ ತಾಳೆ ನೋಡುವ ಲೆಕ್ಕ. ಚಿತ್ರದಲ್ಲಿ ಎಷ್ಟು ಸಮಯ ಕಾಣುತ್ತದೋ ಅಷ್ಟೇ ಸಾಲು ಕೋಷ್ಟಕದಲ್ಲಿರಬೇಕು. ಮೊದಲ ಚಿತ್ರದಲ್ಲಿ 7, ಎರಡನೆಯದರಲ್ಲಿ 6, ಎರಡರಲ್ಲೂ ಇರುವುದು 2. ಆದ್ದರಿಂದ 11 ಸಾಲು ಬರಬೇಕು. ನನಗೆ 13 ಬಂದಿತ್ತು. ಒಂದು ಸಾಲು, ಉತ್ತರ ಕೊಡುವಾಗ ಮೇಲೆ ಉಲ್ಲೇಖವಾಗಿ ಬಂದ ಹಳೆಯ ಸಂದೇಶ. ಅದಕ್ಕೆ ತನ್ನದೇ ಸಮಯ ಇರುವುದಿಲ್ಲ, ಅದನ್ನು ಷರಾ ಕಾಲಮ್ಮಿಗೆ ಹಾಕಿದೆ. ಇನ್ನೊಂದು 0:14 ಎಂಬ ಸಮಯದ ಸಾಲು. ಅದು ಸಮಯವೇ ಅಲ್ಲ, ವಾಯ್ಸ್ ಮೆಸೇಜಿನ ಉದ್ದ, 14 ಸೆಕೆಂಡ್. 12 ಗಂಟೆಯ ಗಡಿಯಾರದಲ್ಲಿ ಸೊನ್ನೆ ಗಂಟೆ ಇಲ್ಲವಲ್ಲ, ಅದರಿಂದಲೇ ಗುರುತು ಸಿಕ್ಕಿತು.

ಕಳುಹಿಸಿದವರ ಹೆಸರಿನಲ್ಲೂ ಎಡವಿದೆ. ಬಲಗಡೆಯ ಸಂದೇಶ ಅಂದರೆ ನನ್ನದು ಎಂದು ಕಣ್ಣು ಅಭ್ಯಾಸವಾಗಿಬಿಟ್ಟಿದೆ. ಬಲಗಡೆ ಇರುವುದು ಆ ಫೋನ್ ಯಾರದೋ ಅವರ ಸಂದೇಶ. ತಮ್ಮನ ಚಿತ್ರದಲ್ಲಿ ಬಲಗಡೆ ತಮ್ಮ, ನಾನು ಎಡಗಡೆ "ಅಕ್ಕ" ಎಂಬ ಹೆಸರಿನಲ್ಲಿ. ಒಬ್ಬರೇ ಸಾಲಾಗಿ ಬರೆದರೆ ಹೆಸರು ಮೊದಲ ಸಂದೇಶಕ್ಕೆ ಮಾತ್ರ ಬರುತ್ತದೆ, ಕೆಳಗಿನವಕ್ಕೆ ನಾವೇ ತುಂಬಬೇಕು. ಕೋಷ್ಟಕದಲ್ಲಿ ಒಬ್ಬರಿಗೆ ಒಂದೇ ಹೆಸರು ಇಟ್ಟೆ.

ಕೋಷ್ಟಕದ ಒಂದು ತುಣುಕು ಹೀಗಿದೆ:

| ಕ್ರ.ಸಂ. | ದಿನಾಂಕ | ಸಮಯ | ಕಳುಹಿಸಿದವರು | ಸಂದೇಶ | ದಿನಾಂಕದ ಆಧಾರ | ಷರಾ |
|---|---|---|---|---|---|---|
| 6 | 2024-03-10 | 21:40 | ನಾನು | ನಾಳೆ ಬರ್ತೀರಾ? | ಚಿತ್ರ 1 `Today`. ಚಿತ್ರ 2 `Yesterday` | |
| 7 | 2024-03-10 | 21:58 | ಮೇಸ್ತ್ರಿ | ನಾಳೆ ಸೋಮವಾರ ಬೆಳಿಗ್ಗೆ ಬರ್ತೀವಿ ಮೇಡಂ | ಚಿತ್ರ 1 `Today`; ಚಿತ್ರ 2 `Yesterday` | |
| 8 | 2024-03-10 | 22:31 | ತಮ್ಮ | ನೀರು ನಿಲ್ಲಿಸಿ ನೋಡೋದು ಯಾವಾಗ? | ಚಿತ್ರ 2 `Yesterday` | |
| 9 | 2024-03-10 | 22:33 | ಮೇಸ್ತ್ರಿ | [ವಾಯ್ಸ್ ಮೆಸೇಜ್, 14 ಸೆಕೆಂಡ್] | ಚಿತ್ರ 2 `Yesterday` | ಧ್ವನಿ ಫೈಲ್ ಇಲ್ಲ |
| 10 | 2024-03-10 | 22:33 | ಮೇಸ್ತ್ರಿ | +1 ದಿನ ಬೇಕು ಒಣಗೋಕೆ | ಚಿತ್ರ 2 `Yesterday` | |

‘ದಿನಾಂಕದ ಆಧಾರ’ ಕಾಲಮ್ ಮೊದಲು ಇರಲಿಲ್ಲ. 14 ಎಂದು ತಪ್ಪು ಬರೆದ ಮೇಲೆ ಸೇರಿಸಿದೆ. ದಿನಾಂಕ ಚಿತ್ರದಲ್ಲಿ ಇದ್ದದ್ದೋ, ನಾನು ಲೆಕ್ಕ ಹಾಕಿದ್ದೋ ಎಂದು ಓದುವವರಿಗೆ ಗೊತ್ತಾಗಬೇಕು. ಕ್ರಮಸಂಖ್ಯೆ ಸುಮ್ನೆ ಹಾಕಿದ್ದಲ್ಲ. 9 ಮತ್ತು 10ನೇ ಸಾಲು ಒಂದೇ ನಿಮಿಷದ್ದು. ಚಿತ್ರದಲ್ಲಿ ಸೆಕೆಂಡ್ ಇರುವುದಿಲ್ಲ, ಸಂಖ್ಯೆ ಇಲ್ಲದಿದ್ದರೆ ಸಾಲುಗಳ ಕ್ರಮ ಕೆಡಬಹುದು.

ಸ್ಪ್ರೆಡ್‌ಶೀಟ್‌ಗೆ ಅಂಟಿಸುವ ಮೊದಲು ಎಲ್ಲ ಕಾಲಮ್‌ಗಳನ್ನೂ ಪಠ್ಯ ಎಂದು ಬದಲಿಸಿಕೊಳ್ಳಬೇಕು. ನಾನು ಹಾಗೆ ಮಾಡದೆ ಅಂಟಿಸಿದಾಗ 10ನೇ ಸಾಲಿನ "+1 ದಿನ ಬೇಕು" ಎಂಬುದನ್ನು ಅದು ಸೂತ್ರ ಎಂದು ತಿಳಿದು ದೋಷ ತೋರಿಸಿತು. `=` ಅಥವಾ `-` ಇಂದ ಶುರುವಾಗುವ ಸಂದೇಶಕ್ಕೂ ಇದೇ ಗತಿ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದೆ. 10/3 ಎಂದು ಬರೆದರೆ ಕೆಲವು ಕಂಪ್ಯೂಟರ್‌ಗಳು ಅಕ್ಟೋಬರ್ 3 ಎಂದು ಓದುತ್ತವೆ.

ಮೇಸ್ತ್ರಿ ಬಂದಾಗ ಕೋಷ್ಟಕದ ಜೊತೆ ಎರಡೂ ಮೂಲ ಚಿತ್ರಗಳನ್ನು ಮುಂದಿಟ್ಟೆ. ಕೋಷ್ಟಕ ನಾನು ಬರೆದದ್ದು, ಅದನ್ನಷ್ಟೇ ನಂಬಿ ಎಂದು ಯಾರಿಗೂ ಹೇಳಲಾಗದು. ಅವರು ಒಂದೊಂದೇ ಸಾಲನ್ನು ಚಿತ್ರದ ಜೊತೆ ಹೋಲಿಸಿ ಓದಿದರು. 9ನೇ ಸಾಲಿಗೆ ಬಂದಾಗ ನಿಂತು, ಆ ವಾಯ್ಸ್ ಮೆಸೇಜ್ ತಮ್ಮದೇ ಫೋನಿನಲ್ಲಿ ಇನ್ನೂ ಇದೆಯಾ ಎಂದು ಹುಡುಕಿದರು. ಇತ್ತು. ಎಷ್ಟು ದಿನ ನೀರು ನಿಲ್ಲಿಸಬೇಕು ಎಂದು ಅವರೇ ಅದರಲ್ಲಿ ಹೇಳಿದ್ದರು. ಕೇಳಿಸಿಕೊಂಡು ಆ ಸಾಲಿನಲ್ಲಿ ಅವರ ಮಾತನ್ನು ಬರೆದು, ಷರಾದಲ್ಲಿ "ಮೇಸ್ತ್ರಿಯ ಫೋನಿನಿಂದ ಕೇಳಿ ಬರೆದದ್ದು" ಎಂದು ಆ ದಿನದ ದಿನಾಂಕ ಸಮೇತ ಸೇರಿಸಿದೆ.