ಫ್ಲ್ಯಾಟ್ ತಡವಾದದ್ದಕ್ಕೆ ಬಡ್ಡಿ ವಸೂಲು ಮಾಡಿದ್ದು: ಕಾಸರಗೋಡಿನಿಂದ ನನ್ನ ಅನುಭವ

ಬಿಲ್ಡರಿನ ಕೈಯಿಂದ ಬಡ್ಡಿ ಬರುವುದುಂಟೇ ಎಂದು ನಮ್ಮ ಭಾವನೂ ಕೇಳಿದ್ದರು, ನಮ್ಮದೇ ಕಟ್ಟಡದ ಹೆಚ್ಚಿನವರೂ ಕೇಳಿದ್ದರು. ಬಂತು, ಸುಮಾರು 16 ಲಕ್ಷ. ಈಗ ಅವರೇ ಕಾಗದಪತ್ರ ಹಿಡಿದುಕೊಂಡು ಮನೆಗೆ ಬರುತ್ತಿರುವುದರಿಂದ ನಡೆದದ್ದನ್ನು ಒಮ್ಮೆ ಬರೆದಿಡುತ್ತೇನೆ. ರೆರಾ ಎಂದರೇನು, ಸೆಕ್ಷನ್ 18 ಏನು ಹೇಳುತ್ತದೆ ಎಂಬುದು ಓದುವವರಿಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ಬದಿಯಡ್ಕದ ಕಡೆ ಇದ್ದ ಅಡಿಕೆ ತೋಟದ ಒಂದು ಪಾಲು ಮಾರಿ, ಉಳಿದದ್ದಕ್ಕೆ ಸಾಲ ಮಾಡಿ ಕಾಸರಗೋಡು ಪೇಟೆಯಲ್ಲಿ ಫ್ಲ್ಯಾಟ್ ಬುಕ್ ಮಾಡಿದ್ದೆ. ಒಟ್ಟು 40 ಲಕ್ಷದ ವ್ಯವಹಾರ. ಒಪ್ಪಂದದಲ್ಲಿ ಹೇಳಿದ್ದು 2021ರ ಮಾರ್ಚ್ ಕೊನೆಗೆ ಕೀಲಿಕೈ. ಅಷ್ಟರೊಳಗೆ ನನ್ನಿಂದ 36 ಲಕ್ಷ ಹೋಗಿತ್ತು. ತಡವಾದರೆ ಚದರಡಿಗೆ ತಿಂಗಳಿಗೆ 5 ರೂಪಾಯಿ ಎಂದು ಒಪ್ಪಂದದಲ್ಲಿತ್ತು, ನನ್ನ 1,250 ಚದರಡಿಗೆ ತಿಂಗಳಿಗೆ ಆರು ಸಾವಿರ ಚಿಲ್ಲರೆ. ನಾನು ಕಂತು ತಡಮಾಡಿದರೆ ಮಾತ್ರ ಶೇಕಡಾ 18! ಹೆಚ್ಚಿನವರು ಈ ಆರು ಸಾವಿರವನ್ನೇ ಕೊನೆಯ ಮಾತು ಎಂದುಕೊಂಡು ಕೈಚೆಲ್ಲುತ್ತಾರೆ. ರೆರಾ ಕಾಯ್ದೆಯಲ್ಲಿ ಬಡ್ಡಿಯ ದರ ಎರಡೂ ಕಡೆಗೆ ಒಂದೇ. ಏಕಪಕ್ಷೀಯ ಷರತ್ತು ಕೊಂಡವನನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಪಯೋನೀರ್ ಅರ್ಬನ್ ಪ್ರಕರಣದಲ್ಲಿ ಹೇಳಿ ಆಗಿದೆ.

ನನ್ನ ಇಡೀ ಲೆಕ್ಕ ನಿಂತದ್ದು ದರದ ಮೇಲೆ. ಮಂಗಳೂರಿನ ಸ್ನೇಹಿತರೆಲ್ಲ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ ಮೇಲೆ ಎರಡು ಸೇರಿಸು, ಹನ್ನೊಂದರ ಹತ್ತಿರ ಸಿಗುತ್ತದೆ ಎಂದರು. ಕರ್ನಾಟಕದ ನಿಯಮಕ್ಕೆ ಅದು ಸರಿ. ಆದರೆ ಫ್ಲ್ಯಾಟ್ ಇರುವುದು ಕೇರಳದಲ್ಲಿ. ಕೇರಳದ 2018ರ ನಿಯಮ ಹೇಳುವುದು ಸ್ಟೇಟ್ ಬ್ಯಾಂಕಿನ ಬೆಂಚ್‌ಮಾರ್ಕ್ ಪ್ರೈಮ್ ಲೆಂಡಿಂಗ್ ರೇಟ್, ಅದರ ಮೇಲೆ ಎರಡು, ಸರಳ ಬಡ್ಡಿ. ಆಗ ಆ ದರ 15ರ ಆಸುಪಾಸಿನಲ್ಲಿತ್ತು, ಎರಡು ಸೇರಿದರೆ 17. 36 ಲಕ್ಷಕ್ಕೆ ತಿಂಗಳಿಗೆ 51,000. ಮಂಗಳೂರಿನ ಲೆಕ್ಕದಲ್ಲಿ ಬರುತ್ತಿದ್ದದ್ದು 33,000ದ ಒಳಗೆ. ಎರಡೂವರೆ ವರ್ಷಕ್ಕೆ ಈ ಒಂದೇ ಕಾರಣಕ್ಕೆ ಐದೂವರೆ ಲಕ್ಷದ ವ್ಯತ್ಯಾಸ. ಗಡಿಯ ಈಚೆ ಇರುವವರು ಆಚೆಯ ವಕೀಲರಿಗೆ ಕೇಸು ಕೊಡುವಾಗ ಇದನ್ನು ಮೊದಲೇ ಹೇಳಿಬಿಡಿ. ನಾನು ಮೊದಲು ಕೇಳಿದ ವಕೀಲರ ಕರಡಿನಲ್ಲಿ ಎಂಸಿಎಲ್‌ಆರ್ ಎಂದೇ ಇತ್ತು, ತಿದ್ದಿಸಿದೆ.

ಬಡ್ಡಿಯ ಪಟ್ಟಿ ನಾನೇ ಕೂತು ಮಾಡಿದೆ. ಗಡುವಿನ ಮೊದಲು ಕೊಟ್ಟ ಹಣಕ್ಕೆ 2021ರ ಏಪ್ರಿಲ್ 1ರಿಂದ ಬಡ್ಡಿ, ಗಡುವಿನ ನಂತರ ಕೊಟ್ಟ 4 ಲಕ್ಷಕ್ಕೆ ಅದು ಅವರ ಖಾತೆಗೆ ಬಿದ್ದ ದಿನದಿಂದ. ಇವೆರಡನ್ನೂ ಒಟ್ಟಿಗೆ ಸುತ್ತಿ 40 ಲಕ್ಷಕ್ಕೆ ಬಡ್ಡಿ ಎಂದು ಕೇಳಿದರೆ ಎದುರು ವಕೀಲರು ಮೊದಲ ದಿನವೇ ಪಟ್ಟಿ ತಪ್ಪು ಎಂದು ಹಿಡಿಯುತ್ತಾರೆ. ನಮ್ಮಲ್ಲಿ ಜಾಗದ ಪಾಲಿಗೆ ಒಂದು ಕ್ರಯಪತ್ರ, ಕಟ್ಟಡಕ್ಕೆ ಬೇರೆ ಒಪ್ಪಂದ ಮಾಡುವ ರೂಢಿ. ಜಾಗದ ಹಣ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರು ವಾದಿಸಿದರು. ಎರಡು ಪತ್ರಗಳಲ್ಲೂ ಇದ್ದ ಒಂದೇ ಫ್ಲ್ಯಾಟ್ ನಂಬರ್ ತೋರಿಸಿದ ಮೇಲೆ ಆ ವಾದ ನಿಲ್ಲಲಿಲ್ಲ.

ಅವರ ದೊಡ್ಡ ಅಸ್ತ್ರ ಕೋವಿಡ್. ರೆರಾದಲ್ಲಿ ಯೋಜನೆಯ ಅವಧಿ ವಿಸ್ತರಿಸಿದ್ದಾರೆ, ಹಾಗಾಗಿ ತಡವೇ ಆಗಿಲ್ಲ ಎಂದರು. ಲೆಕ್ಕಕ್ಕೆ ಬರುವುದು ನನ್ನ ಒಪ್ಪಂದದ ದಿನಾಂಕ, ರೆರಾ ನೋಂದಣಿಯದ್ದಲ್ಲ. ಇಂಪೀರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹಾಗೆಯೇ ಹೇಳಿದೆ. ಆದರೆ ತೀರ್ಪು ಓದಿ ಹೇಳಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮಾಹಿತಿ ಹಕ್ಕಿನ 10 ರೂಪಾಯಿಯ ಅರ್ಜಿ. ನಗರಸಭೆಯಲ್ಲಿರುವ ಆಕ್ಯುಪೆನ್ಸಿ ಅರ್ಜಿಯ ಕಡತ, ನೋಟ್ ಶೀಟ್ ಸಮೇತ ಕೇಳಿದೆ. ಮಲಯಾಳದಲ್ಲಿ ಉತ್ತರ ಬಂತು, ಹತ್ತಿಪ್ಪತ್ತು ಪುಟ. ಅವರು ಮೊದಲ ಸಲ ಅರ್ಜಿ ಹಾಕಿದ್ದೇ 2022ರ ಕೊನೆಗೆ. ಅದನ್ನೂ ನಗರಸಭೆ ವಾಪಸು ಕಳಿಸಿತ್ತು. ಅಗ್ನಿಶಾಮಕದ ಎನ್‌ಒಸಿ ಇರಲಿಲ್ಲ, ಪಾರ್ಕಿಂಗ್ ಪರ್ಮಿಟಿನ ನಕ್ಷೆಯಂತೆ ಇರಲಿಲ್ಲ. ಕೋವಿಡ್ ಎಂಬ ಶಬ್ದ ಇಡೀ ಕಡತದಲ್ಲಿ ಎಲ್ಲೂ ಇಲ್ಲ. ಇದನ್ನು ಇಂಗ್ಲಿಷಿಗೆ ಅನುವಾದಿಸಿ ಆನ್‌ಲೈನ್ ವಿಚಾರಣೆಯಲ್ಲಿ ತೋರಿಸಿದಾಗ ಎದುರು ವಕೀಲರು ಮುಂದಿನ ದಿನಾಂಕ ಕೇಳಿದರು.

2023ರ ಮಾರ್ಚಿನಲ್ಲಿ ಫೋನ್ ಬಂತು, ಕೀಲಿಕೈ ತೆಗೆದುಕೊಳ್ಳಿ ಅಂತ. ಲಿಫ್ಟ್ ಓಡುತ್ತಿರಲಿಲ್ಲ, ಕರೆಂಟು ಕಟ್ಟಡ ಕೆಲಸದ ತಾತ್ಕಾಲಿಕ ಕನೆಕ್ಷನ್, ಡೋರ್ ನಂಬರ್ ಇಲ್ಲ. ಜೊತೆಗೆ ಒಂದು ಮುದ್ರಿತ ಪತ್ರ, ಫ್ಲ್ಯಾಟ್ ಸ್ವೀಕರಿಸಿದ್ದೇನೆ, ಕಂಪೆನಿಯಿಂದ ಇನ್ನು ಏನೂ ಬರಬೇಕಾದ್ದಿಲ್ಲ ಎಂದು. ಬಾಡಿಗೆಯಿಂದ ಸುಸ್ತಾದ ಹಲವರು ಸಹಿ ಹಾಕಿದರು. ನಾನು ಹಾಕಲಿಲ್ಲ, ಆಕ್ಯುಪೆನ್ಸಿ ಇಲ್ಲದ ಸ್ವಾಧೀನ ಸ್ವಾಧೀನವಲ್ಲ ಎಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರೆದೆ. ಸರ್ಟಿಫಿಕೇಟ್ ಬಂದದ್ದು ಸೆಪ್ಟೆಂಬರ್ ಕೊನೆಗೆ. ಆಗ ಕೀಲಿಕೈ ತೆಗೆದುಕೊಂಡೆ, ರಸೀದಿಯ ಮೇಲೆ ನನ್ನ ಕೈಬರಹದಲ್ಲೇ ತಡದ ಬಡ್ಡಿಯ ಹಕ್ಕು ಬಿಟ್ಟಿಲ್ಲ ಎಂದು ಬರೆದು. ಮಾರ್ಚಿಗೇ ನಿಲ್ಲಿಸಿ ಎಂದು ಅವರು ವಾದಿಸಿದ್ದು ಫಲಿಸಿದ್ದರೆ ಮೂರು ಲಕ್ಷ ಹೋಗುತ್ತಿತ್ತು. ಆದೇಶ ಸೆಪ್ಟೆಂಬರ್ ತನಕ ಕೊಟ್ಟಿತು. 36 ಲಕ್ಷಕ್ಕೆ 30 ತಿಂಗಳ ಬಡ್ಡಿ 15 ಲಕ್ಷ 30 ಸಾವಿರ, ನಂತರದ 4 ಲಕ್ಷದ್ದು ಸೇರಿ 16ರ ಹತ್ತಿರ.

ಪರಿಹಾರದ ಕಡೆ ಮಾತ್ರ ಅಷ್ಟು ನಡೆಯಲಿಲ್ಲ. ಬಡ್ಡಿಗೆ ಪ್ರಾಧಿಕಾರದ ಮುಂದೆ ಫಾರ್ಮ್ ಎಂ, ಪರಿಹಾರಕ್ಕೆ ಅಡ್ಜುಡಿಕೇಟಿಂಗ್ ಆಫೀಸರ್ ಮುಂದೆ ಫಾರ್ಮ್ ಎನ್, ಎರಡೂ ಬೇರೆ ಬೇರೆ. ಬಾಡಿಗೆ, ಸಾಲದ ಬಡ್ಡಿ, ಮಾನಸಿಕ ಹಿಂಸೆ ಎಲ್ಲ ಸೇರಿಸಿ ಏಳೆಂಟು ಲಕ್ಷ ಕೇಳಿದ್ದೆ. ತಡದ ಬಡ್ಡಿ ಸಿಕ್ಕಿದ ಅವಧಿಗೇ ಬಾಡಿಗೆಯೂ ಕೊಟ್ಟರೆ ಒಂದೇ ನಷ್ಟಕ್ಕೆ ಎರಡು ಸಲ ಕೊಟ್ಟಂತೆ ಎಂದರು. ಕೊನೆಗೆ ಬಂದದ್ದು ಖರ್ಚು ಸೇರಿ ಒಂದು ಲಕ್ಷದ ಒಳಗೆ. ಬಡ್ಡಿ ಗಟ್ಟಿಯಾಗಿ ಸಿಗುವ ಕಡೆ ಈ ಎರಡನೇ ಅರ್ಜಿಗೆ ಹೆಚ್ಚು ಫೀಸು ಸುರಿಯಬೇಡಿ ಎಂಬುದು ನನ್ನ ಅಭಿಪ್ರಾಯ.

ಆದೇಶ ಬಂದ ಮೇಲೂ ಹಣ ಬರಲಿಲ್ಲ. ಅವರು ಮೇಲ್ಮನವಿಗೂ ಹೋಗಲಿಲ್ಲ. ಸೆಕ್ಷನ್ 43(5)ರ ಪ್ರಕಾರ ಬಿಲ್ಡರ್ ನನಗೆ ಕೊಡಬೇಕಾದ ಪೂರ್ತಿ ಮೊತ್ತ ಠೇವಣಿ ಇಡದೆ ಟ್ರಿಬ್ಯೂನಲ್ ಅಪೀಲು ಕೇಳುವುದಿಲ್ಲ. ಹಾಗಾಗಿ ಸುಮ್ಮನೆ ಕುಳಿತರು. ನಾನು ಆದೇಶ ಜಾರಿಗೆ ಅರ್ಜಿ ಹಾಕಿ ರೆವೆನ್ಯೂ ರಿಕವರಿಗೆ ಕಳಿಸಿದೆ. ಕಲೆಕ್ಟರೇಟಿನಿಂದ ತಹಶೀಲ್ದಾರರಿಗೆ ಹೋದ ಕಡತ ತಿಂಗಳುಗಟ್ಟಲೆ ಅಲ್ಲಾಡಲಿಲ್ಲ, ಯಾವ ಆಸ್ತಿ ಜಪ್ತಿ ಮಾಡಬೇಕು ಎಂದು ಅವರಿಗೆ ತಿಳಿದಿರಲಿಲ್ಲ. ರೆರಾ ಪುಟದಿಂದ ಅದೇ ಕಟ್ಟಡದಲ್ಲಿ ಮಾರಾಟವಾಗದೆ ಉಳಿದ ಫ್ಲ್ಯಾಟುಗಳನ್ನು ಪಟ್ಟಿ ಮಾಡಿ, ವಿಲೇಜ್ ಆಫೀಸಿನಿಂದ ಸರ್ವೆ ನಂಬರ್ ತೆಗೆದು ಕೊಟ್ಟೆ. ಆ ಜಾಗಕ್ಕೆ ನೋಟಿಸು ಬಿದ್ದ ವಾರದಲ್ಲೇ ಫೋನ್ ಬಂತು, ಅವರಿಗೆ ಒಂದು ಫ್ಲ್ಯಾಟಿನ ರಿಜಿಸ್ಟ್ರಿ ನಿಂತುಹೋಗಿತ್ತು. ಎರಡು ಕಂತಿನಲ್ಲಿ ಕೊಟ್ಟರು. ಮೊದಲ ಚೆಕ್ ಪಾಸಾಗಿ ಎರಡನೆಯದು ಖಾತೆಗೆ ಬಿದ್ದ ನಂತರವೇ ರಿಕವರಿ ನಿಲ್ಲಿಸುವ ಪತ್ರಕ್ಕೆ ಸಹಿ ಹಾಕಿದೆ.